ಹಳೆಯ ಗ್ರಾಹಕರಿಗೊಂದು ಪತ್ರ: ಕೇಳುವುದು ಉತ್ತರ ಮಾತ್ರ

ಫ್ರೀಲಾನ್ಸ್ ಆಗಿ ದುಡಿಯುವವರು ಹೊಸ ಸೇವೆ ಶುರುಮಾಡಿದಾಗ ಹಿಂದೆ ಕೆಲಸ ಕೊಟ್ಟವರಿಗೆ ಬರೆಯುವ ಪತ್ರ ಜಾಹೀರಾತಿನ ಜಾತಿಗೆ ಸೇರಿದ್ದಲ್ಲ. ಓದುವವರಿಗೆ ಬರೆದವರ ಕೆಲಸ ಗೊತ್ತು. ಹೇಳಿದ ದಿನಕ್ಕೆ ಮುಗಿಸಿಕೊಟ್ಟಿದ್ದರೋ ಇಲ್ಲವೋ ಎಂಬುದೂ ನೆನಪಿರುತ್ತದೆ. ಹಾಗಾಗಿ ಇಲ್ಲಿ ನಂಬಿಸುವ ಮಾತು ಬೇಕಿಲ್ಲ. ಹೊಸದೇನು, ಅದು ಅವರ ಯಾವ ಕೆಲಸಕ್ಕೆ ಒದಗುತ್ತದೆ ಎಂದು ತಿಳಿಸಿ ಒಂದು ಸಾಲಿನ ಉತ್ತರ ಕೇಳಿದರೆ ಸಾಕು.

ಕನ್ನಡ ಪುಸ್ತಕಗಳ ಡಿಟಿಪಿ ಮಾಡುವವರೊಬ್ಬರ ಉದಾಹರಣೆ ನೋಡೋಣ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯ ಫಾಂಟುಗಳಲ್ಲಿ ಕಟ್ಟಿದ ಎಷ್ಟೋ ಪುಸ್ತಕಗಳ ಕಡತಗಳು ಪ್ರಕಾಶಕರ ಹಳೆಯ ಸಿಡಿಗಳಲ್ಲಿವೆ. ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಾಗದ ಗೀಚು ಕಾಣುತ್ತದೆ. ಹುಡುಕಲು ಬರುವುದಿಲ್ಲ, ಇ-ಪುಸ್ತಕ ಮಾಡಲೂ ಬರುವುದಿಲ್ಲ. ಇವನ್ನು ಯೂನಿಕೋಡಿಗೆ ತಂದು ಕರಡು ತಿದ್ದಿಕೊಡುವುದೇ ಆ ಡಿಟಿಪಿಯವರ ಹೊಸ ಸೇವೆ ಎಂದುಕೊಂಡರೆ, ಪ್ರಕಾಶಕರಿಗೆ ಬರೆಯುವ ಪತ್ರ ಹೀಗಿರಬಹುದು:

“ಮಾನ್ಯರೇ, ನಮಸ್ಕಾರ. 2009ರಲ್ಲಿ ನಿಮ್ಮ ಜಾನಪದ ಕಥೆಗಳ ಸಂಪುಟದ ಪುಟವಿನ್ಯಾಸ ಮಾಡಿಕೊಟ್ಟಿದ್ದೆ. ಅದು ನುಡಿ ಫಾಂಟಿನಲ್ಲಿತ್ತು. ಅಂಥ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲ ಪುಸ್ತಕದೊಂದಿಗೆ ಹೋಲಿಸಿ ತಿದ್ದಿಕೊಡುವ ಕೆಲಸವನ್ನು ಈಗ ಶುರುಮಾಡಿದ್ದೇನೆ. ಮರುಮುದ್ರಣಕ್ಕೂ ಇ-ಪುಸ್ತಕಕ್ಕೂ ಅದೇ ಪಠ್ಯ ಬಳಸಬಹುದು. ಪುಸ್ತಕದ ಕಡತ ಕಳೆದುಹೋಗಿ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ ಈ ಸೇವೆ ಉಪಯೋಗಕ್ಕೆ ಬಾರದು. ಈಗ ಏನನ್ನೂ ಕಳಿಸಬೇಕಾಗಿಲ್ಲ, ತೀರ್ಮಾನವನ್ನೂ ಮಾಡಬೇಕಾಗಿಲ್ಲ. ‘ಬೇಕಾಗಬಹುದು’, ‘ಬೇಡ’ ಅಥವಾ ‘ಆಮೇಲೆ ನೋಡೋಣ’ ಎಂದು ಒಂದು ಸಾಲು ಬರೆದರೆ ಸಾಕು. ಬೇಡವೆಂದರೆ ಈ ವಿಷಯವಾಗಿ ಮತ್ತೆ ಬರೆಯುವುದಿಲ್ಲ.”

ಹಳೆಯ ಕೆಲಸದ ಹೆಸರು ಮೊದಲಿಗೇ ಬರುವುದಕ್ಕೆ ಕಾರಣವಿದೆ. ವರ್ಷಗಳು ಕಳೆದ ಮೇಲೆ ಕಳಿಸಿದವರ ಹೆಸರು ಮರೆತಿರಬಹುದು, ಆದರೆ ತಾವು ತಂದ ಪುಸ್ತಕ ಪ್ರಕಾಶಕರಿಗೆ ಮರೆಯುವುದಿಲ್ಲ. ಸೇವೆಯ ಮಿತಿಯನ್ನು ಹೇಳುವ ಸಾಲನ್ನು ಹಲವರು ಬಿಟ್ಟುಬಿಡುತ್ತಾರೆ, ಅದು ತಪ್ಪು. ಕಡತವೇ ಇಲ್ಲದವರು ಅದನ್ನು ಓದಿ ‘ಬೇಡ’ ಎನ್ನುತ್ತಾರೆ. ಇಬ್ಬರ ಸಮಯವೂ ಉಳಿಯುತ್ತದೆ.

ಈ ಪತ್ರ ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ. ಉತ್ತರ ಮಾತ್ರ ಸಾಕು ಎಂದ ಮೇಲೆ ದರಪಟ್ಟಿ ಲಗತ್ತಿಸುವುದು, ತಿಂಗಳ ಕೊನೆಯವರೆಗೆ ರಿಯಾಯಿತಿ ಎನ್ನುವುದು, ಫೋನಿಗೆ ಸಮಯ ಕೇಳುವುದು, ಪರಿಚಿತರಿಗೂ ತಿಳಿಸಿ ಎನ್ನುವುದು, ಇವೆಲ್ಲ ಕೊಟ್ಟ ಮಾತಿಗೆ ವಿರುದ್ಧ. ಒಂದೊಂದು ಬೇಡಿಕೆಯೂ ಓದುವವರ ಮುಂದೆ ಒಂದು ತೀರ್ಮಾನವನ್ನಿಡುತ್ತದೆ, ತೀರ್ಮಾನಿಸಬೇಕಾದ ಪತ್ರ ನಾಳೆಗೆ ಹೋಗುತ್ತದೆ. ದರ ತಿಳಿಯಬೇಕೆನಿಸಿದವರು ಉತ್ತರದಲ್ಲಿ ತಾವೇ ಕೇಳುತ್ತಾರೆ.

ಪತ್ರವನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿಯೇ ಕಳಿಸಬೇಕು. ಎಲ್ಲರ ಇ-ಮೇಲ್ ವಿಳಾಸವನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಒಬ್ಬ ಪ್ರಕಾಶಕರ ವಿಳಾಸ ಇನ್ನೊಬ್ಬರಿಗೆ ಸಿಗುತ್ತದೆ, ಮೊದಲ ಸಾಲಿನಲ್ಲಿ ಅವರವರ ಪುಸ್ತಕದ ಹೆಸರು ಹೇಳಲೂ ಆಗುವುದಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಮತ್ತೊಂದು ತೊಡಕಿದೆ: ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಸಂಪರ್ಕ ತಪ್ಪಿಹೋದ ಹಳೆಯ ಗ್ರಾಹಕರೇ ಆಗ ಹೊರಗುಳಿಯುತ್ತಾರೆ.

‘ಬೇಕಾಗಬಹುದು’ ಎಂದವರಿಗೆ ಆಗಲೇ ಬಿಲ್ಲಿನ ಮಾತೆತ್ತದೆ ಒಂದೆರಡು ಪುಟ ಮಾದರಿಗೆ ಕೇಳುವುದು ಮೇಲು. ಪರಿವರ್ತನೆಯ ಕಷ್ಟ ಅಲ್ಲೇ ಗೊತ್ತಾಗುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಗೀಚಾಗಿಬಿಡುತ್ತವೆ. ಇಂಥ ತಪ್ಪು ಎಷ್ಟಿವೆ ಎಂದು ನೋಡಿದ ಮೇಲೆ ಹೇಳುವ ದರ ಎರಡೂ ಕಡೆಯವರಿಗೆ ನ್ಯಾಯವಾಗಿರುತ್ತದೆ.

ಉತ್ತರ ಬಾರದಿದ್ದರೆ ಎರಡು ಮೂರು ವಾರದ ನಂತರ ಅದೇ ಪತ್ರದ ಕೆಳಗೆ ಒಂದು ಸಾಲು ನೆನಪಿಸಬಹುದು. ಅದಕ್ಕಿಂತ ಹೆಚ್ಚು ಸಲ್ಲದು. ‘ಬೇಡ’ ಎಂದವರಿಗೆ ಧನ್ಯವಾದ ಹೇಳಿ, ಹೆಸರಿನ ಮುಂದೆ ಗುರುತು ಹಾಕಿಕೊಂಡು, ಆ ವಿಷಯವನ್ನು ಮತ್ತೆ ಎತ್ತಬಾರದು. ಪತ್ರದಲ್ಲಿ ಕೊಟ್ಟ ಮಾತು ಅದೇ.