ಅನುದಾನ ಕಟ್ಟಿದ್ದನ್ನು ಕಂದಾಯ ಕಾಯಬೇಕು

“ನೀರಿಗೆ ಬೇರೆ ದುಡ್ಡು ಕಟ್ತೀವಿ, ಕಸಕ್ಕೆ ಬೇರೆ ಕಟ್ತೀವಿ. ರಸ್ತೆ ಎಂಎಲ್‌ಎ ಫಂಡಲ್ಲಿ ಆಯ್ತು ಅಂತ ಬೋರ್ಡೇ ಹಾಕವ್ರೆ. ಮತ್ತೆ ಈ ಮನೆ ಕಂದಾಯ ಯಾಕಮ್ಮ?”

ಬಯಲುಸೀಮೆಯ ಒಂದು ಪುರಸಭೆಯ ವಾರ್ಡು ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಇದು. ವಾರ್ಡು ಸಮಿತಿ ಇರಲೇಬೇಕೆಂದು ಸಂವಿಧಾನ ಹೇಳುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಇದು ಪುಟ್ಟ ಊರು. ಮೊದಲ ಸಲ ಗೆದ್ದ ಕೌನ್ಸಿಲರ್ ತಾವಾಗಿಯೇ ಸಭೆ ಕರೆದಿದ್ದರು. ಏಪ್ರಿಲ್ ತಿಂಗಳು, ದೇವಸ್ಥಾನದ ಮುಂದಿನ ಜಗಲಿ. ಪ್ರಶ್ನೆ ಕೇಳಿದವರನ್ನು ಅವರು ತಪ್ಪೆಂದು ಹೇಳಲಿಲ್ಲ. “ಯಜಮಾನ್ರೇ, ಬೋರ್ಡು ಸುಳ್ಳಲ್ಲ. ರಸ್ತೆ ಹಾಕಿದ ದುಡ್ಡು ನಿಮ್ಮ ಕಂದಾಯದ್ದಲ್ಲ. ಆದ್ರೆ ಆ ರಸ್ತೆ ಹಾಕಿದ ಮಾರನೇ ದಿನದಿಂದ ಅದನ್ನ ನೋಡ್ಕೊಳೋ ದುಡ್ಡು ನಿಮ್ಮದೇ” ಎಂದರು.

ಕಂದಾಯದ ಬಗ್ಗೆ ನಾನು ಕೇಳಿರುವ ಭಾಷಣಗಳಲ್ಲಿ ಹೆಚ್ಚಿನವು ಇಷ್ಟು ನೇರವಾಗಿರುವುದಿಲ್ಲ. “ನಿಮ್ಮ ತೆರಿಗೆಯಿಂದಲೇ ನೀರು, ರಸ್ತೆ, ದೀಪ” ಎಂದು ಹೇಳಿ ಮುಗಿಸುತ್ತಾರೆ. ಜನ ನಂಬುವುದಿಲ್ಲ, ಏಕೆಂದರೆ ಕಣ್ಣೆದುರಿಗೆ ಬೇರೆ ಬೇರೆ ಯೋಜನೆಗಳ ಬೋರ್ಡುಗಳಿರುತ್ತವೆ. ಈ ಕೌನ್ಸಿಲರ್ ಎಳೆದ ಗೆರೆ ಸರಿಯಾದದ್ದು. ಹೊಸ ಪೈಪ್‌ಲೈನು, ಓವರ್‌ಹೆಡ್ ಟ್ಯಾಂಕು, ಕಾಂಕ್ರೀಟ್ ರಸ್ತೆ ಇವೆಲ್ಲ ಬಹುಪಾಲು ಮೇಲಿನಿಂದ ಬರುವ ಅನುದಾನದಲ್ಲಿ ಆಗುತ್ತವೆ: ಕೇಂದ್ರ ಹಣಕಾಸು ಆಯೋಗದ ಹಣ, ಅಮೃತ್, ರಾಜ್ಯದ ನಗರೋತ್ಥಾನ, ಎಸ್‌ಎಫ್‌ಸಿ. ಇವುಗಳಲ್ಲಿ ಹೆಚ್ಚಿನ ಹಣಕ್ಕೆ ತಲೆಬರಹ ಇರುತ್ತದೆ. ಟ್ಯಾಂಕಿಗೆಂದು ಬಂದದ್ದು ಟ್ಯಾಂಕಿಗೇ ಹೋಗಬೇಕು. ಸುಟ್ಟ ಮೋಟಾರಿಗೆ ಸುತ್ತಿಸಲು ಅದರಿಂದ ತೆಗೆಯುವಂತಿಲ್ಲ. ಊರೇ ಹಾಕಿ, ಊರೇ ಎತ್ತಿ, ಇಂದು ಇದಕ್ಕೆ ನಾಳೆ ಅದಕ್ಕೆ ಎಂದು ಖರ್ಚು ಮಾಡಬಹುದಾದ ದುಡ್ಡಿನಲ್ಲಿ ದೊಡ್ಡದು ಮನೆ ಕಂದಾಯ. ಅಂಗಡಿ ಮಳಿಗೆ ಬಾಡಿಗೆ, ಕಟ್ಟಡ ಪರವಾನಗಿ ಶುಲ್ಕ, ಸಂತೆ ಸುಂಕ ಅದರ ಹಿಂದೆ ನಿಲ್ಲುತ್ತವೆ.

ಸಭೆಯಲ್ಲಿ ಅವರು ಒಂದು ರಸೀದಿ ಬಿಡಿಸಿ ಓದಿದರು. ಲೆಕ್ಕ ಸುಲಭವಾಗಲೆಂದು ಒಂದು ಮನೆಯ ತೆರಿಗೆ ವರ್ಷಕ್ಕೆ 2,000 ರೂಪಾಯಿ ಎಂದಿಟ್ಟುಕೊಂಡರು. ಅದರ ಮೇಲೆ ಉಪಕರ ಸೇರುತ್ತದೆ: ಆರೋಗ್ಯ ಶೇ. 15, ಗ್ರಂಥಾಲಯ ಶೇ. 6, ಭಿಕ್ಷುಕರ ಉಪಕರ ಶೇ. 3. ಒಟ್ಟು ಶೇ. 24, ಅಂದರೆ 480 ರೂಪಾಯಿ. ಮನೆಯವರು ಕಟ್ಟಿದ್ದು 2,480. ಆದರೆ ಆ 480 ರೂಪಾಯಿ ಪುರಸಭೆಗೆ ಸೇರಿದ್ದಲ್ಲ. ಪುರಸಭೆ ಅದನ್ನು ವಸೂಲಿ ಮಾಡಿ ಆಯಾ ಇಲಾಖೆಗೆ, ಪ್ರಾಧಿಕಾರಕ್ಕೆ ದಾಟಿಸಬೇಕು. ಈ ಸಂಗತಿ ಕೇಳಿ ಸಭೆಯಲ್ಲಿ ಗುಜುಗುಜು ಎದ್ದಿತು. ರಸೀದಿ ವರ್ಷವೂ ಕೈಗೆ ಬರುತ್ತಿದ್ದರೂ ಕೆಳಗಿನ ಒಟ್ಟು ಮೊತ್ತ ಬಿಟ್ಟು ಮೇಲಿನ ಸಾಲುಗಳನ್ನು ಹೆಚ್ಚಿನವರು ಓದಿರಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ತೆರಿಗೆಯಲ್ಲಿ ಶೇ. 5 ರಿಯಾಯಿತಿ, ಈ ಮನೆಗೆ 100 ರೂಪಾಯಿ. ಜೂನ್ ಕೊನೆಯವರೆಗೆ ದಂಡವಿಲ್ಲ. ಜುಲೈಯಿಂದ ತಿಂಗಳಿಗೆ ಶೇ. 2. ಮಾರ್ಚ್‌ವರೆಗೆ ಎಳೆದರೆ ಒಂಬತ್ತು ತಿಂಗಳಿಗೆ 360 ರೂಪಾಯಿ ಹೆಚ್ಚು.

ಮುಂದಿನದು ನೀರಿನ ಮಾತು. ಹಿರಿಯರ ಪ್ರಶ್ನೆಯ ತಿರುಳು ಇದೇ: ನೀರಿನ ಬಿಲ್ ಬೇರೆ ಇರುವಾಗ ಕಂದಾಯ ಏಕೆ ಅದಕ್ಕೆ ತಾಗಬೇಕು? ಉತ್ತರ ನೀರನ್ನು ಎತ್ತುವ ಲೆಕ್ಕದಲ್ಲಿದೆ. ಸಾವಿರ ಲೀಟರ್ ನೀರನ್ನು 200 ಮೀಟರ್ ಆಳದಿಂದ, ಅಂದರೆ ಸುಮಾರು 650 ಅಡಿಯಿಂದ ಎತ್ತಲು ನಷ್ಟವೇ ಇಲ್ಲದಿದ್ದರೂ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಕರೆಂಟು ಬೇಕು. ಬೋರ್‌ವೆಲ್ ಪಂಪು ಅದರಲ್ಲಿ ಅರ್ಧದಷ್ಟನ್ನು ಬಿಸಿ ಮಾಡಿ ಕಳೆದುಕೊಳ್ಳುತ್ತದೆ. ಹಾಗಾಗಿ ಸಾವಿರ ಲೀಟರಿಗೆ ಒಂದು ಯೂನಿಟ್ ಎಂದು ಹಿಡಿಯಬಹುದು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಮಾನದಂಡ. ನಾಲ್ಕು ಜನರ ಮನೆಗೆ ತಿಂಗಳಿಗೆ 16,000 ಲೀಟರ್, 16 ಯೂನಿಟ್. ದಾರಿಯಲ್ಲಿ ಮೂರನೇ ಒಂದು ಪಾಲು ಸೋರಿದರೆ ಅಷ್ಟು ನೀರು ಮನೆ ಮುಟ್ಟಿಸಲು 24 ಯೂನಿಟ್ ಎತ್ತಬೇಕು. ಯೂನಿಟ್‌ಗೆ 6 ರೂಪಾಯಿ ಎಂದರೂ 144 ರೂಪಾಯಿ. ಮೀಟರ್ ಇಲ್ಲದೆ ನಲ್ಲಿಗಿಷ್ಟು ಎಂದು ವಸೂಲಿ ಮಾಡುವ ಊರಿನಲ್ಲಿ ತಿಂಗಳ ನೀರಿನ ಶುಲ್ಕ ಹೆಚ್ಚೂಕಮ್ಮಿ ಕರೆಂಟಿಗೇ ಮುಗಿಯುವುದು ಹೀಗೆ. ಕರೆಂಟಿನ ಬಿಲ್ಲಿಗೆ ಎಸ್‌ಎಫ್‌ಸಿಯಲ್ಲಿ ಬೇರೆ ಪಾಲು ಬರುತ್ತದೆ, ನಿಜ. ಆದರೆ ವಾಲ್ವ್ ತಿರುಗಿಸುವವನ ಕೂಲಿ, ಕ್ಲೋರಿನ್, ಪೈಪಿನ ಜೋಡು, ಹತ್ತಿಪ್ಪತ್ತು ಸಾವಿರ ತಿನ್ನುವ ಮೋಟಾರ್ ರಿವೈಂಡಿಂಗು ಉಳಿದೇ ಇರುತ್ತವೆ.

ಇದರಲ್ಲಿ ವಾಲ್ವ್ ಗುಂಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಊರಿನ ಆರೋಗ್ಯ ಅಲ್ಲಿದೆ. ರಸ್ತೆ ಬದಿಯಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಚೌಕದ ಗುಂಡಿ. ಒಳಗೆ ವಾಲ್ವಿನ ಕುತ್ತಿಗೆಗೆ ಸುತ್ತಿದ ಪ್ಯಾಕಿಂಗ್ ಸವೆದರೆ ನೀರು ಜಿನುಗಿ ಗುಂಡಿ ತುಂಬುತ್ತದೆ. ನಮ್ಮ ಊರುಗಳಲ್ಲಿ ನೀರು ಬರುವುದು ಎರಡು ದಿನಕ್ಕೋ ವಾರಕ್ಕೋ ಒಮ್ಮೆ. ಬಿಟ್ಟ ನೀರು ನಿಂತ ಮೇಲೆ ಪೈಪು ಬರಿದಾಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ. ಆಗ ಜಿನುಗಿದ ದಾರಿಯಲ್ಲೇ ಗುಂಡಿಯ ಕೊಳೆನೀರು ಒಳಗೆ ಹೋಗುತ್ತದೆ. ಮುಂದಿನ ಸಲ ನಲ್ಲಿ ಬಿಟ್ಟಾಗ ಮೊದಲ ಐದು ನಿಮಿಷ ಕೆಂಪಗೆ, ವಾಸನೆಯಾಗಿ ಬರುವ ನೀರಿಗೆ ಇದು ಒಂದು ದೊಡ್ಡ ಕಾರಣ. ಗುರುತಿಸುವುದು ಸುಲಭ. ನೀರು ಬಿಡದ ದಿನವೂ ಗುಂಡಿಯಲ್ಲಿ ನೀರು ನಿಂತಿದ್ದರೆ, ಮಳೆಯೂ ಬಂದಿಲ್ಲದಿದ್ದರೆ, ಅದು ಸೋರಿಕೆ ಅಥವಾ ಪಕ್ಕದ ಚರಂಡಿಯ ಬಸಿ. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪುರಸಭೆಯವರ ಹತ್ತಿರ ಇರುವ ಪುಟ್ಟ ಕಿಟ್‌ನಲ್ಲಿ ಹನಿ ದ್ರಾವಣ ಹಾಕಿದರೆ ಕ್ಲೋರಿನ್ ಇದ್ದ ನೀರು ಹಳದಿಗೆ ತಿರುಗುತ್ತದೆ. ಬಣ್ಣವೇ ಬರದಿದ್ದರೆ ಆ ಬೀದಿಯ ಪೈಪು ಹುಡುಕಬೇಕು. ಪ್ಯಾಕಿಂಗ್ ಬದಲಿಸುವುದು ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ. ಆದರೆ ಯಾವ ಅನುದಾನವೂ “ವಾಲ್ವ್ ಪ್ಯಾಕಿಂಗ್” ಎಂಬ ಹೆಸರಿನಲ್ಲಿ ಬರುವುದಿಲ್ಲ. ಕಂದಾಯದ ದುಡ್ಡು ಖಾತೆಯಲ್ಲಿದ್ದರೆ ಅದು ಈ ವಾರ ಆಗುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ ಪೈಪನ್ನೇ ಬದಲಿಸುವ ಯೋಜನೆಗೆ ಕಾಯಬೇಕು. ಅಷ್ಟರಲ್ಲಿ ಆ ಬೀದಿಯ ಮಕ್ಕಳಿಗೆ ವಾಂತಿಭೇದಿ ಆಗಿರುತ್ತದೆ. ನನಗೆ ಇದು ಸಹಿಸಲಾಗದ ಮಾತು, ಕೌನ್ಸಿಲರ್‌ಗೂ ಹಾಗೇ ಅನ್ನಿಸಿತ್ತು. ಅವರ ದನಿ ಏರಿದ್ದು ಅಲ್ಲೊಂದು ಕಡೆ ಮಾತ್ರ.

ರಸ್ತೆಯ ಗುಂಡಿಗೂ ಇದೇ ಸೋರಿಕೆ ಮೂಲ. ಪೈಪಿನಿಂದ ಜಿನುಗಿದ ನೀರು ಡಾಂಬರಿನ ಕೆಳಗಿನ ಜಲ್ಲಿ ಮಣ್ಣನ್ನು ಮೆದುವಾಗಿಸುತ್ತದೆ. ಮೇಲೆ ಟ್ರ್ಯಾಕ್ಟರ್ ಹಾದರೆ ಕುಸಿಯುತ್ತದೆ. ಮೇಲೆ ಡಾಂಬರು ಸುರಿದರೆ ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಗುಂಡಿ. ಒಂದೇ ಜಾಗದಲ್ಲಿ ಮರಳಿ ಮರಳಿ ಗುಂಡಿ ಬೀಳುತ್ತಿದ್ದರೆ ಕೆಳಗಿನ ಪೈಪು ನೋಡಿಸಿ ಎಂದು ಕೌನ್ಸಿಲರ್ ಹೇಳಿದ್ದು ಅದಕ್ಕೇ.

ಹೊಸ ರಸ್ತೆಯ ಆಸೆಗೆ ಅವರು ಒಂದು ಮಿತಿಯನ್ನೂ ಹಾಕಿದರು. ಕಿರಿದಾದ ಒಂದು ಬೀದಿಗೆ ನೂರು ಮೀಟರ್ ಕಾಂಕ್ರೀಟ್ ಹಾಕಲು ಐದು ಲಕ್ಷದ ಆಸುಪಾಸು ಹಿಡಿಯಬೇಕು. ವಾರ್ಡಿನಲ್ಲಿ 400 ಮನೆ, ಸರಾಸರಿ 2,000 ಎಂದರೆ ಎಲ್ಲರೂ ಕಟ್ಟಿದರೂ ಎಂಟು ಲಕ್ಷ. ಶೇ. 60 ಜನ ಮಾತ್ರ ಕಟ್ಟಿದರೆ 4 ಲಕ್ಷದ 80 ಸಾವಿರ, ಅಂದರೆ ನೂರು ಮೀಟರ್ ರಸ್ತೆಗೂ ಸಾಲದು. “ಇಡೀ ವಾರ್ಡಿನ ಕಂದಾಯ ಒಂದು ಬೀದಿಗೆ ಸುರಿದುಬಿಟ್ರೆ ಉಳಿದ ಬೀದೀಲಿ ದೀಪ ಬದಲಾಯಿಸೋರು ಯಾರಕ್ಕ?” ಎಂದು ಮುಂದೆ ಕುಳಿತಿದ್ದ ಹೆಂಗಸೊಬ್ಬರನ್ನು ಕೇಳಿದರು.

ದೀಪದ ವಿಷಯ ಚಿಕ್ಕದು, ಆದರೆ ಪೋಲು ಕಣ್ಣಿಗೆ ಕಾಣುವುದು ಅಲ್ಲೇ. 40 ವಾಟ್ ಎಲ್‌ಇಡಿ ಒಂದು ರಾತ್ರಿ ಹನ್ನೊಂದು ಗಂಟೆ ಉರಿದರೆ ಅರ್ಧ ಯೂನಿಟ್‌ಗಿಂತ ಕಡಿಮೆ. ಇಪ್ಪತ್ತು ಮೂವತ್ತು ಕಂಬಕ್ಕೆ ಒಂದು ಸ್ವಿಚ್ ಬಾಕ್ಸ್ ಇರುತ್ತದೆ. ಅದರ ಟೈಮರ್ ಕೆಟ್ಟರೆ ಅಷ್ಟೂ ದೀಪ ಹಗಲಿಡೀ ಉರಿಯುತ್ತವೆ, ಕರೆಂಟು ದುಪ್ಪಟ್ಟಿಗೂ ಹೆಚ್ಚು ಹೋಗುತ್ತದೆ. ಮಧ್ಯಾಹ್ನ ಸಾಲಾಗಿ ಉರಿಯುವ ಬೀದಿದೀಪ ಕಂಡರೆ ಬಲ್ಬಿನ ದೋಷವಲ್ಲ, ಬಾಕ್ಸಿನ ದೋಷ. ಕಂಬದ ನಂಬರ್ ಹೇಳಿ ದೂರು ಕೊಟ್ಟರೆ ಲೈನ್‌ಮನ್‌ಗೆ ಹುಡುಕಾಟ ತಪ್ಪುತ್ತದೆ.

ಹಿರಿಯರು ಸುಮ್ಮನಾಗಲಿಲ್ಲ. ಕಟ್ಟದವರ ಮನೆ ಮುಂದೆಯೂ ದೀಪ ಉರಿಯುತ್ತಲ್ಲ, ಕಟ್ಟಿದವರು ದಡ್ಡರೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬೀದಿದೀಪವನ್ನು ಮನೆ ಲೆಕ್ಕದಲ್ಲಿ ಆರಿಸಲಾಗುವುದಿಲ್ಲ. ಅದಕ್ಕೇ ಅದನ್ನು ಬಿಲ್ಲಿನಲ್ಲಿ ವಸೂಲಿ ಮಾಡದೆ ತೆರಿಗೆಯಲ್ಲಿ ಸೇರಿಸಿದ್ದು. ಆದರೆ ಬಾಕಿ ಯಾರದು ಎಂಬುದು ಗುಟ್ಟಲ್ಲ. ಪ್ರತಿ ಪುರಸಭೆಯಲ್ಲೂ ಡಿಸಿಬಿ ಎಂಬ ಲೆಕ್ಕ ಇರುತ್ತದೆ: ಬರಬೇಕಾದ್ದು ಎಷ್ಟು, ಬಂದದ್ದು ಎಷ್ಟು, ಉಳಿದದ್ದು ಎಷ್ಟು. ಅದನ್ನು ಬಿಡಿಸಿ ನೋಡಿದರೆ ಬಾಕಿ ಬಡವರ ಮನೆಗಳಲ್ಲೇ ಇರುತ್ತದೆ ಎಂಬ ನಂಬಿಕೆ ಸಡಿಲವಾಗುತ್ತದೆ. ವಾಣಿಜ್ಯ ಕಟ್ಟಡ, ಕಲ್ಯಾಣ ಮಂಟಪ ಒಂದೊಂದರ ಮೊತ್ತವೇ ಒಂದು ಬೀದಿಗೆ ಸಮ. ಒಂದಂತಸ್ತೆಂದು ಘೋಷಿಸಿ ಮೂರು ಕಟ್ಟಿದವರದು ಬೇಡಿಕೆಯ ಸಾಲಿನಲ್ಲೇ ಪೂರ್ತಿ ಬರುವುದಿಲ್ಲ, ಏಕೆಂದರೆ ಎಸ್‌ಎಎಸ್ ಪದ್ಧತಿಯಲ್ಲಿ ಅಳತೆಯನ್ನು ಮಾಲೀಕರೇ ಬರೆದುಕೊಡುತ್ತಾರೆ, ಬಿಲ್ ಕಲೆಕ್ಟರ್ ಹೋಗಿ ನೋಡಿದರಷ್ಟೇ ಸಿಕ್ಕಿಬೀಳುವುದು. ಕೇಂದ್ರ ಸರ್ಕಾರದ ಕಟ್ಟಡಗಳಿಗೆ ಸಂವಿಧಾನದ 285ನೇ ವಿಧಿಯಂತೆ ತೆರಿಗೆಯೇ ಇಲ್ಲ, ಸೇವಾ ಶುಲ್ಕ ಕೇಳಬಹುದು ಅಷ್ಟೆ.

ಕೊನೆಗೆ ಕೌನ್ಸಿಲರ್ ಒಂದು ಮಾತು ಕೊಟ್ಟರು: ವಾರ್ಡಿನ ಡಿಸಿಬಿಯನ್ನೂ, ವಾರ್ಡಿನಲ್ಲಿ ರಿಪೇರಿಗೆ ಆದ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆಸಿ ಇದೇ ಜಗಲಿಯ ಗೋಡೆಗೆ ಅಂಟಿಸುತ್ತೇನೆ ಎಂದು. ಬಜೆಟ್ ಮಂಡಿಸುವ ಮುಂಚೆ ಪುರಸಭೆ ಸಾರ್ವಜನಿಕರ ಸಭೆ ಕರೆಯಬೇಕೆಂಬ ನಿಯಮವಿದೆ, ಅಲ್ಲಿಗೆ ಆ ಹಾಳೆ ಹಿಡಿದು ಬನ್ನಿ ಎಂದೂ ಸೇರಿಸಿದರು. ಹಿರಿಯರು ಕನ್ನಡಕ ಸರಿಮಾಡಿಕೊಂಡು, “ಹಾಳೇಲಿ ಮಂಟಪದ ಬಾಕೀನೂ ಬರೆಸ್ತೀಯೇನಮ್ಮ?” ಎಂದು ಕೇಳಿದರು. “ಮೊದಲ್ನೇ ಸಾಲಲ್ಲೇ” ಎಂದರು ಕೌನ್ಸಿಲರ್.