ಷೇರು ಮರುಖರೀದಿ: ಮಾರದೆ ಉಳಿದವರಿಗೆ ಏನು ಸಿಗುತ್ತದೆ?

ಬೆಂಗಳೂರು: 2025ರ ಸೆಪ್ಟೆಂಬರ್ 11ರಂದು ಸಭೆ ಸೇರಿದ ಇನ್ಫೊಸಿಸ್ ಆಡಳಿತ ಮಂಡಳಿಯು ತನ್ನದೇ ಷೇರುಗಳನ್ನು 18,000 ಕೋಟಿ ರೂಪಾಯಿ ಕೊಟ್ಟು ಮರಳಿ ಕೊಳ್ಳಲು ಒಪ್ಪಿಗೆ ನೀಡಿತು. ತಲಾ 1,800 ರೂಪಾಯಿ ದರದಲ್ಲಿ 10 ಕೋಟಿ ಷೇರುಗಳು. ಕಂಪೆನಿಯ ಇತಿಹಾಸದಲ್ಲಿ ಅದುವರೆಗೆ ನಡೆದ ಮರುಖರೀದಿಗಳಲ್ಲಿ ಇದೇ ದೊಡ್ಡದು. ಆ ದಿನ ಪೇಟೆಯಲ್ಲಿ ಷೇರಿನ ಬೆಲೆ ಸುಮಾರು 1,510 ರೂಪಾಯಿ ಇತ್ತು. ಮಾರುವವನಿಗೆ 290 ರೂಪಾಯಿ ಹೆಚ್ಚುವರಿ ದೊರೆಯುವುದು ಕಣ್ಣಿಗೆ ಕಾಣುವ ಲಾಭ. ಆದರೆ ಮಾರದೆ ಸುಮ್ಮನೆ ಕುಳಿತವನ ಗತಿಯೇನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮರುಖರೀದಿ ಅಥವಾ ಬೈಬ್ಯಾಕ್‌ನಲ್ಲಿ ಕಂಪೆನಿ ಕೊಂಡ ಷೇರುಗಳು ಭಾರತದಲ್ಲಿ ಕಂಪೆನಿಯ ಬಳಿ ಉಳಿಯುವುದಿಲ್ಲ. ಅವುಗಳನ್ನು ಏಳು ದಿನಗಳೊಳಗೆ ರದ್ದುಗೊಳಿಸಬೇಕೆಂದು ಕಾನೂನು ಹೇಳುತ್ತದೆ. ಇನ್ಫೊಸಿಸ್‌ನ ಸುಮಾರು 415 ಕೋಟಿ ಷೇರುಗಳು ಹೀಗೆ 405 ಕೋಟಿಗೆ ಇಳಿಯುತ್ತವೆ. ಪಾಲುಗಳ ಸಂಖ್ಯೆ ಇಳಿದರೆ ಉಳಿದ ಪ್ರತಿಯೊಂದು ಪಾಲೂ ತುಸು ದೊಡ್ಡದಾಗುತ್ತದೆ. ಇಷ್ಟನ್ನೇ ಹೇಳಿ ಮುಗಿಸುವ ವಿವರಣೆಗಳು ಬಹಳ. ಆ ಪಾಲಿಗೆ ಕೊಟ್ಟ ಹಣ ಯಾರದು ಎಂಬ ಅರ್ಧ ಭಾಗ ಅಲ್ಲಿ ಬಿಟ್ಟುಹೋಗುತ್ತದೆ.

ಐವರು ಅಣ್ಣತಮ್ಮಂದಿರ ಒಂದು ಅವಿಭಕ್ತ ಕುಟುಂಬವನ್ನು ಊಹಿಸಿಕೊಳ್ಳೋಣ. ಅವರಿಗೆ 35 ಲಕ್ಷ ರೂಪಾಯಿ ಬೆಲೆಬಾಳುವ ಅಡಿಕೆ ತೋಟವಿದೆ, ಮನೆಯ ಪೆಟ್ಟಿಗೆಯಲ್ಲಿ 15 ಲಕ್ಷ ನಗದಿದೆ. ಒಟ್ಟು ಆಸ್ತಿ 50 ಲಕ್ಷ, ತಲಾ ಪಾಲು 10 ಲಕ್ಷ. ಒಬ್ಬ ತಮ್ಮ ತನ್ನ ಪಾಲು ಪಡೆದು ಹೊರಡುತ್ತೇನೆ ಎನ್ನುತ್ತಾನೆ. ಪೆಟ್ಟಿಗೆಯಿಂದ 10 ಲಕ್ಷ ಕೊಟ್ಟು ಕಳುಹಿಸಿದರೆ ಉಳಿಯುವುದು 40 ಲಕ್ಷ. ನಾಲ್ವರಿಗೆ ತಲಾ 10 ಲಕ್ಷ. ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಅವನಿಗೆ 12 ಲಕ್ಷ ಕೊಟ್ಟರೆ ಉಳಿದವರ ಪಾಲು ಒಂಬತ್ತೂವರೆ ಲಕ್ಷಕ್ಕೆ ಇಳಿಯುತ್ತದೆ. ಎಂಟೇ ಲಕ್ಷಕ್ಕೆ ಅವನು ಒಪ್ಪಿದರೆ ಹತ್ತೂವರೆ ಲಕ್ಷಕ್ಕೆ ಏರುತ್ತದೆ. ಮೂರೂ ಸಂದರ್ಭಗಳಲ್ಲಿ ಪಾಲುದಾರರು ಐವರಿಂದ ನಾಲ್ವರಾದರು. ಆದರೆ ಉಳಿದವರ ಅದೃಷ್ಟವನ್ನು ನಿರ್ಧರಿಸಿದ್ದು ಹೊರಟವನಿಗೆ ಕೊಟ್ಟ ಬೆಲೆ.

ಕಂಪೆನಿಗಳು ಏಕೆ ಕೊಳ್ಳುತ್ತವೆ?

ಭಾರತದಲ್ಲಿ ಮರುಖರೀದಿಗೆ ಅವಕಾಶ ದೊರೆತದ್ದು 1998ರ ಸುಗ್ರೀವಾಜ್ಞೆಯ ಮೂಲಕ. ಈಗ 2013ರ ಕಂಪೆನಿ ಕಾಯ್ದೆಯ 68ನೇ ಸೆಕ್ಷನ್ ಇದಕ್ಕೆ ಆಧಾರ. ಪಾವತಿಯಾದ ಬಂಡವಾಳ ಹಾಗೂ ಮುಕ್ತ ಮೀಸಲು ನಿಧಿಯ ಒಟ್ಟು ಮೊತ್ತದ ಶೇ 10ರವರೆಗೆ ಆಡಳಿತ ಮಂಡಳಿಯೇ ತೀರ್ಮಾನಿಸಬಹುದು. ಅದಕ್ಕಿಂತ ಹೆಚ್ಚಾದರೆ, ಶೇ 25ರ ಮಿತಿಯೊಳಗೆ, ಷೇರುದಾರರ ವಿಶೇಷ ನಿರ್ಣಯ ಬೇಕು. ಇನ್ಫೊಸಿಸ್ 2025ರಲ್ಲಿ ಅಂಚೆ ಮತದಾನದ ಮೂಲಕ ಈ ಒಪ್ಪಿಗೆ ಪಡೆಯಿತು.

ವ್ಯವಹಾರಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನಗದು ಕೈಯಲ್ಲಿರುವುದು ಮೊದಲ ಕಾರಣ. ಸಾಫ್ಟ್‌ವೇರ್ ಕಂಪೆನಿಗೆ ಉಕ್ಕಿನ ಕುಲುಮೆ ಕಟ್ಟುವ ಖರ್ಚಿಲ್ಲ. ಹೀಗಾಗಿಯೇ 2025ರ ಹಣಕಾಸು ವರ್ಷದಿಂದ ಐದು ವರ್ಷಗಳ ಅವಧಿಯಲ್ಲಿ ಮುಕ್ತ ನಗದು ಹರಿವಿನ ಸುಮಾರು ಶೇ 85ರಷ್ಟನ್ನು ಲಾಭಾಂಶ ಅಥವಾ ಮರುಖರೀದಿಯ ರೂಪದಲ್ಲಿ ಹಿಂತಿರುಗಿಸುವ ನೀತಿಯನ್ನು ಇನ್ಫೊಸಿಸ್ ಪ್ರಕಟಿಸಿದೆ. ಲಾಭಾಂಶವನ್ನು ಒಮ್ಮೆ ಏರಿಸಿದರೆ ಮುಂದಿನ ವರ್ಷ ಇಳಿಸುವುದು ಮುಜುಗರದ ಸಂಗತಿ. ಮರುಖರೀದಿಗೆ ಅಂಥ ಕಟ್ಟುಪಾಡಿಲ್ಲ.

ಎರಡನೆಯ ಕಾರಣ ಪೇಟೆಗೆ ಧೈರ್ಯ ತುಂಬುವುದು. 2017ರ ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ರಾಜೀನಾಮೆ ನೀಡಿದಾಗ ಇನ್ಫೊಸಿಸ್ ಷೇರು ಒಂದೇ ದಿನದಲ್ಲಿ ಸುಮಾರು ಶೇ 10ರಷ್ಟು ಕುಸಿದು 923 ರೂಪಾಯಿಗೆ ಬಂದಿತ್ತು. ಮರುದಿನವೇ, ಶನಿವಾರವಾದರೂ, ಆಡಳಿತ ಮಂಡಳಿ ತಲಾ 1,150 ರೂಪಾಯಿಗೆ 13,000 ಕೋಟಿ ರೂಪಾಯಿಯ ಮರುಖರೀದಿ ಪ್ರಕಟಿಸಿತು. ‘ನಮ್ಮ ಷೇರಿನ ಬೆಲೆ ಇಷ್ಟು ಕಡಿಮೆಯಲ್ಲ’ ಎಂದು ಹಣ ಎಣಿಸಿ ಹೇಳಿದ ಹಾಗೆ.

ಷೇರು ಗಳಿಕೆಯ ಲೆಕ್ಕ

ಮೂರನೆಯ ಕಾರಣವಾಗಿ ಹೇಳಲಾಗುವ ಮಾತಿನಲ್ಲಿಯೇ ಓದುಗರು ಎಚ್ಚರ ವಹಿಸಬೇಕಾದದ್ದು. ಮರುಖರೀದಿಯಿಂದ ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್, ತಾನಾಗಿ ಏರುತ್ತದೆ ಎಂಬುದು ದಲ್ಲಾಳಿಗಳ ನಿತ್ಯದ ಮಾತು. 2024-25ರಲ್ಲಿ ಇನ್ಫೊಸಿಸ್‌ನ ನಿವ್ವಳ ಲಾಭ 26,713 ಕೋಟಿ ರೂಪಾಯಿ. 415 ಕೋಟಿ ಷೇರುಗಳಿಗೆ ಹಂಚಿದರೆ ತಲಾ 64 ರೂಪಾಯಿಗೆ ತುಸು ಮೇಲೆ. ಅದೇ ಲಾಭವನ್ನು 405 ಕೋಟಿಗೆ ಹಂಚಿದರೆ ಸುಮಾರು 66 ರೂಪಾಯಿ. ಕಾಗದದ ಮೇಲೆ ಶೇ 2.5ರಷ್ಟು ಏರಿಕೆ.

ಆದರೆ ಹೊರಹೋದ 18,000 ಕೋಟಿ ಸುಮ್ಮನೆ ಕುಳಿತಿರಲಿಲ್ಲ. ಠೇವಣಿ, ಬಾಂಡ್‌ಗಳಲ್ಲಿ ಬಡ್ಡಿ ತರುತ್ತಿತ್ತು. ಬಡ್ಡಿ ಶೇ 7, ಅದರ ಮೇಲಿನ ತೆರಿಗೆ ಶೇ 25 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 945 ಕೋಟಿ ರೂಪಾಯಿ ಲಾಭ ಖೋತಾ ಆಗುತ್ತದೆ. ಅದನ್ನು ಕಳೆದು ಹಂಚಿದರೆ ಪ್ರತಿ ಷೇರಿಗೆ ಬರುವುದು ಸುಮಾರು 63.60 ರೂಪಾಯಿ. ಅಂದರೆ ಗಳಿಕೆ ಏರಲಿಲ್ಲ, ಕೊಂಚ ಇಳಿಯಿತು.

ಕಾರಣ ಸರಳ. 1,800 ರೂಪಾಯಿ ಕೊಟ್ಟು 64 ರೂಪಾಯಿ ಗಳಿಸುವ ಷೇರನ್ನು ಕೊಂಡರೆ ಹುಟ್ಟುವಳಿ ಶೇ 3.6. ಅದೇ ಹಣ ತೆರಿಗೆ ಕಳೆದು ಶೇ 5ಕ್ಕಿಂತ ಹೆಚ್ಚು ತರುತ್ತಿತ್ತು. ಇದರಿಂದಲೇ ಮರುಖರೀದಿ ತಪ್ಪು ಎನ್ನಲಾಗದು. ಠೇವಣಿಯ ಬಡ್ಡಿ ಬೆಳೆಯುವುದಿಲ್ಲ, ಕಂಪೆನಿಯ ಗಳಿಕೆ ಬೆಳೆಯಬಹುದು. ಬೆಳೆದರೆ ಕೆಲವು ವರ್ಷಗಳಲ್ಲಿ ಲೆಕ್ಕ ತಿರುಗುತ್ತದೆ. ಆದರೆ ‘ಇಪಿಎಸ್ ತಾನಾಗಿ ಏರುತ್ತದೆ’ ಎಂಬ ಮಾತು ಷೇರಿನ ಬೆಲೆ ಅಗ್ಗವಿದ್ದಾಗ ನಿಜ, ದುಬಾರಿಯಿದ್ದಾಗ ಅಲ್ಲ.

ಈಗ ಹೆಚ್ಚುವರಿ ಬೆಲೆಯತ್ತ ಬರೋಣ. ಷೇರಿನ ನಿಜಬೆಲೆ ಪೇಟೆಯ 1,510 ರೂಪಾಯಿಯೇ ಆಗಿದ್ದರೆ, 10 ಕೋಟಿ ಷೇರುಗಳಿಗೆ ತಲಾ 290ರಂತೆ 2,900 ಕೋಟಿ ರೂಪಾಯಿಯನ್ನು ಉಳಿದವರು ಹೊರಟವರಿಗೆ ಉಡುಗೊರೆಯಾಗಿ ಕೊಟ್ಟಂತಾಯಿತು. ಉಳಿದ 405 ಕೋಟಿ ಷೇರುಗಳ ಮೇಲೆ ಹರಡಿದರೆ ತಲಾ ಏಳು ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಶೂನ್ಯವೂ ಅಲ್ಲ. ನಿಜಬೆಲೆ 1,800ಕ್ಕಿಂತ ಮೇಲಿದೆ ಎಂದು ನಂಬುವವರಿಗೆ ಲೆಕ್ಕ ತಿರುವುಮುರುವಾಗುತ್ತದೆ.

ಇನ್ಫೊಸಿಸ್‌ನ ಹಿಂದಿನ ದಾಖಲೆಯನ್ನೇ ನೋಡಬಹುದು. 2017ರ 1,150 ರೂಪಾಯಿ ದರವು 2018ರಲ್ಲಿ ಬಂದ ಒಂದಕ್ಕೊಂದು ಬೋನಸ್ ಷೇರಿನ ಬಳಿಕ 575 ರೂಪಾಯಿಗೆ ಸಮ. 2019ರಲ್ಲಿ ಕಂಪೆನಿ ಪೇಟೆಯಿಂದಲೇ ಸರಾಸರಿ ಸುಮಾರು 747 ರೂಪಾಯಿಗೆ ಕೊಂಡಿತು. 2021ರಲ್ಲಿ ಸರಾಸರಿ 1,648. 2023ರ ಫೆಬ್ರುವರಿಯಲ್ಲಿ ಮುಗಿದ ಸುತ್ತಿನಲ್ಲಿ 1,539. ಮೊದಲ ಎರಡು ಸುತ್ತುಗಳಲ್ಲಿ ಮಾರದೆ ಉಳಿದವರು ಗೆದ್ದರು, ಏಕೆಂದರೆ ಹೊರಟವರು ಅಗ್ಗಕ್ಕೆ ಬಿಟ್ಟುಕೊಟ್ಟರು. ನಂತರದ ಎರಡರ ಬಗ್ಗೆ ಅಷ್ಟೇ ಖಚಿತವಾಗಿ ಹೇಳುವಂತಿಲ್ಲ: 2025ರ ಸೆಪ್ಟೆಂಬರ್‌ನಲ್ಲಿ ಪೇಟೆಯ ಬೆಲೆ ಆ ಎರಡೂ ದರಗಳಿಗಿಂತ ಕೆಳಗಿತ್ತು.

110 ಷೇರುಗಳ ಒಂದು ಮನೆ

ಪೇಟೆಯಲ್ಲಿ ಬಿಡಿಯಾಗಿ ಕೊಳ್ಳುವ ವಿಧಾನ 2025ರ ಏಪ್ರಿಲ್‌ನಿಂದ ನಿಂತಿದೆ. ಈಗ ಮುಖ್ಯವಾಗಿ ನಡೆಯುವುದು ಟೆಂಡರ್ ವಿಧಾನ. ನಿಗದಿತ ದಿನದಂದು ಎರಡು ಲಕ್ಷ ರೂಪಾಯಿ ಮೌಲ್ಯದೊಳಗೆ ಷೇರು ಹೊಂದಿರುವವರನ್ನು ಸಣ್ಣ ಷೇರುದಾರರೆಂದು ಸೆಬಿ ಪರಿಗಣಿಸುತ್ತದೆ, ಅವರಿಗೆ ಕನಿಷ್ಠ ಶೇ 15ರಷ್ಟು ಮೀಸಲು. ಇನ್ಫೊಸಿಸ್‌ನ 2025ರ ಸುತ್ತಿನಲ್ಲಿ ಸಣ್ಣ ಷೇರುದಾರರಿಗೆ ಪ್ರತಿ 11 ಷೇರಿಗೆ 2ರಂತೆ ಅರ್ಹತೆ ಸಿಕ್ಕಿತು. ಇತರರಿಗೆ ದೊರೆತದ್ದು 706ಕ್ಕೆ 17 ಮಾತ್ರ.

110 ಷೇರುಗಳಿರುವ ಮನೆಗೆ 20 ಷೇರು ಮಾರುವ ಹಕ್ಕು. ಬರುವ ಹಣ 36,000 ರೂಪಾಯಿ. ಆದರೆ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ ಆಗ ಈ ಪೂರ್ತಿ ಮೊತ್ತ, ಲಾಭದ ಭಾಗವಷ್ಟೇ ಅಲ್ಲ, ಲಾಭಾಂಶವೆಂದು ಆದಾಯಕ್ಕೆ ಸೇರುತ್ತಿತ್ತು. ಶೇ 30ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಬಿಟ್ಟೂ 10,800 ರೂಪಾಯಿ ತೆರಿಗೆ. ಉಳಿಯುವುದು ಷೇರಿಗೆ 1,260 ರೂಪಾಯಿ, ಪೇಟೆಯ ಬೆಲೆಗಿಂತ ಕಡಿಮೆ. ಕೊಂಡ ಬೆಲೆಯನ್ನು ಬಂಡವಾಳ ನಷ್ಟವೆಂದು ತೋರಿಸಿ ಎಂಟು ವರ್ಷಗಳವರೆಗೆ ಬೇರೆ ಬಂಡವಾಳ ಲಾಭದೊಂದಿಗೆ ಹೊಂದಿಸಿಕೊಳ್ಳಬಹುದಿತ್ತು. ಅಂಥ ಲಾಭ ಇದ್ದವರಿಗೆ ಮಾತ್ರ ಅದರ ಪ್ರಯೋಜನ. ಆದಾಯ ತೆರಿಗೆಯೇ ಬಾರದ ನಿವೃತ್ತರಿಗೆ, ಗೃಹಿಣಿಯರಿಗೆ ಅದೇ 1,800 ರೂಪಾಯಿ ಪೂರ್ತಿ ಕೈಸೇರುತ್ತಿತ್ತು. ಒಂದೇ ಮನೆಯಲ್ಲಿ ಗಂಡನಿಗೆ ನಷ್ಟ, ಹೆಂಡತಿಗೆ ಲಾಭ!

ಶೇ 13.05ರಷ್ಟು ಪಾಲು ಹೊಂದಿದ್ದ ಪ್ರವರ್ತಕರು ಈ ಸುತ್ತಿನಿಂದ ದೂರ ಉಳಿದರು. ಗರಿಷ್ಠ ತೆರಿಗೆ ಹಂತದಲ್ಲಿರುವವರಿಗೆ ಮೇಲಿನ ಲೆಕ್ಕ ಎಷ್ಟು ಕಹಿಯೆಂಬುದು ಸ್ಪಷ್ಟವೇ ಇದೆ. ಎಲ್ಲ 10 ಕೋಟಿ ಷೇರುಗಳೂ ರದ್ದಾದಾಗ ಅವರ ಪಾಲು, ಒಂದು ಪೈಸೆ ಹೂಡದೆ, ಶೇ 13.37ರ ಸುಮಾರಿಗೆ ಏರುತ್ತದೆ. ಮನೆಯಲ್ಲಿ ಕುಳಿತ ಸಣ್ಣ ಷೇರುದಾರನ ಪಾಲೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಮರೆಯುವಂತಿಲ್ಲ.

2026ರ ಫೆಬ್ರುವರಿ 1ರ ಬಜೆಟ್, ಮರುಖರೀದಿಯ ಹಣವನ್ನು ಏಪ್ರಿಲ್ 1ರಿಂದ ಮತ್ತೆ ಬಂಡವಾಳ ಲಾಭವೆಂದು ಪರಿಗಣಿಸಿ, ಪ್ರವರ್ತಕರ ಮೇಲೆ ಮಾತ್ರ ಹೆಚ್ಚುವರಿ ತೆರಿಗೆ ಹೇರುವ ಪ್ರಸ್ತಾವ ಮಂಡಿಸಿತು. ಹೀಗಾದಾಗ 110 ಷೇರುಗಳ ಮನೆಯ ಲೆಕ್ಕದಲ್ಲಿ ತೆರಿಗೆ ಬೀಳುವುದು 36,000ಕ್ಕಲ್ಲ, ಕೊಂಡ ಬೆಲೆ ಕಳೆದು ಉಳಿದ ಮೊತ್ತಕ್ಕೆ.

ಮರುಖರೀದಿ ಘೋಷಿಸಿದ ಕಂಪೆನಿಯ ವಾರ್ಷಿಕ ವರದಿಯಲ್ಲಿ ಒಂದು ಅಂಕಿಯನ್ನು ಹುಡುಕುವುದು ಒಳಿತು: ವರ್ಷದ ಆರಂಭದಲ್ಲಿ ಎಷ್ಟು ಷೇರುಗಳಿದ್ದವು, ಕೊನೆಯಲ್ಲಿ ಎಷ್ಟು. ಒಂದು ಕೈಯಿಂದ ಷೇರು ಕೊಳ್ಳುತ್ತ ಇನ್ನೊಂದು ಕೈಯಿಂದ ಉದ್ಯೋಗಿಗಳಿಗೆ ಹೊಸ ಷೇರು ಹಂಚುವ ಕಂಪೆನಿಗಳಲ್ಲಿ ಸಂಖ್ಯೆ ಇಳಿದೇ ಇರುವುದಿಲ್ಲ. ನಗದು ಹೋಗಿರುತ್ತದೆ, ಪಾಲು ಮಾತ್ರ ಇದ್ದಷ್ಟೇ ಇರುತ್ತದೆ. ಜೊತೆಗೆ ಸಾಲದ ಸಾಲನ್ನೂ ನೋಡಬೇಕು. ಮರುಖರೀದಿಯ ನಂತರ ಸಾಲವು ಬಂಡವಾಳ ಮತ್ತು ಮುಕ್ತ ಮೀಸಲಿನ ಎರಡು ಪಟ್ಟು ಮೀರಬಾರದೆಂದು ಕಾನೂನು ತಡೆ ಹಾಕಿದೆ. ಆ ಮಿತಿಯ ಸಮೀಪಕ್ಕೆ ಹೋಗುವ ಕಂಪೆನಿಯು ಹಿಂತಿರುಗಿಸುತ್ತಿರುವುದು ಹೆಚ್ಚುವರಿ ನಗದನ್ನಲ್ಲ.