5 ದಿನದ ಕೋರ್ಸು, 300 ಗಂಟೆಯ ಲಾಗು

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಹುಡುಕುವವರ ಬಯೋಡೇಟಾಗಳಲ್ಲಿ ‘ಐಎಸ್‌ಒ 27001 ಲೀಡ್ ಆಡಿಟರ್’ ಎಂಬ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಪೀಣ್ಯದ ಕಾರ್ಖಾನೆಗಳ ಕಡೆ ಹೋದರೆ ಅದೇ ಸಾಲು ಐಎಸ್‌ಒ 9001 ಹೆಸರಿನಲ್ಲಿ ಸಿಗುತ್ತದೆ. ಮೊದಲನೆಯದು ಮಾಹಿತಿ ಭದ್ರತೆಯ ಮಾನದಂಡ, ಎರಡನೆಯದು ಗುಣಮಟ್ಟದ್ದು. ಎಷ್ಟೋ ಸಲ ಆ ಸಾಲಿನ ಹಿಂದೆ ಇರುವುದು 5 ದಿನದ ಒಂದು ತರಬೇತಿ ಮತ್ತು ಅದರ ಕೊನೆಯಲ್ಲಿ ಬರೆದ ಪರೀಕ್ಷೆ ಮಾತ್ರ. ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಪ್ರಮಾಣಪತ್ರ ಬೇರೆ, ಲೀಡ್ ಆಡಿಟರ್ ಎಂದು ಪ್ರಮಾಣೀಕರಿಸುವ ಪತ್ರ ಬೇರೆ. ಇವೆರಡರ ನಡುವೆ ಕೆಲವು ವರ್ಷಗಳ ದುಡಿಮೆಯಿದೆ, ಆ ದುಡಿಮೆಗೆ ಸಾಕ್ಷಿಯಾಗಿ ಆಡಿಟ್ ಲಾಗ್ ಇದೆ.

ಮಾಹಿತಿ ಭದ್ರತೆಯನ್ನೇ ತೆಗೆದುಕೊಳ್ಳೋಣ. ವ್ಯಕ್ತಿಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಪಿಇಸಿಬಿ ಒಂದು. ಅಲ್ಲಿ ಪರೀಕ್ಷೆ ಪಾಸಾಗಲು 70 ಶೇಕಡಾ ಅಂಕ ಬೇಕು. ಪಾಸಾದವರಿಗೆ ಅನುಭವವೇ ಇಲ್ಲದಿದ್ದರೂ ‘ಪ್ರಾವಿಷನಲ್ ಆಡಿಟರ್’ ಎಂಬ ಮೊದಲ ಮೆಟ್ಟಿಲು ಸಿಗುತ್ತದೆ. ‘ಆಡಿಟರ್’ ಆಗಲು 2 ವರ್ಷದ ವೃತ್ತಿ ಅನುಭವ, ಅದರಲ್ಲಿ 1 ವರ್ಷ ಮಾಹಿತಿ ಭದ್ರತೆಯಲ್ಲಿ, ಜೊತೆಗೆ 200 ಗಂಟೆಯ ಆಡಿಟ್ ಕೆಲಸ ಬೇಕು. ‘ಲೀಡ್ ಆಡಿಟರ್’ ಅನ್ನಿಸಿಕೊಳ್ಳಲು 5 ವರ್ಷದ ವೃತ್ತಿ, ಅದರಲ್ಲಿ 2 ವರ್ಷ ಭದ್ರತೆಯ ಕ್ಷೇತ್ರದಲ್ಲಿ, ಮತ್ತು 300 ಗಂಟೆ.

ಈ 300 ಗಂಟೆ ಹೇಗೆ ಕೂಡುತ್ತದೆ? ಒಬ್ಬ ಎಂಜಿನಿಯರ್ ತನ್ನ ಕಂಪನಿಯ ಆಂತರಿಕ ಆಡಿಟ್ ತಂಡದಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಆಡಿಟ್. ಪ್ರತಿ ಆಡಿಟ್‌ಗೆ 2 ದಿನ ದಾಖಲೆ ಓದಿ ಯೋಜನೆ ಹಾಕಲು, 3 ದಿನ ವಿಭಾಗಗಳಿಗೆ ಹೋಗಿ ಪರಿಶೀಲಿಸಲು, 1 ದಿನ ವರದಿ ಬರೆಯಲು. ದಿನಕ್ಕೆ 8 ಗಂಟೆಯಂತೆ ಒಂದು ಆಡಿಟ್‌ಗೆ 48 ಗಂಟೆ, ವರ್ಷಕ್ಕೆ 96. ಮೂರು ವರ್ಷ ತಪ್ಪದೆ ಮಾಡಿದರೂ 288ಕ್ಕೆ ನಿಲ್ಲುತ್ತದೆ. ಕಂಪನಿಗೆ ಸೇವೆ ಒದಗಿಸುವ ಯಾವುದಾದರೂ ಸಂಸ್ಥೆಯ ಆಡಿಟ್‌ಗೂ ಒಮ್ಮೆ ಹೋಗಿ ಬಂದರೆ 300 ದಾಟುತ್ತದೆ. ಯೋಜನೆ, ಸಂದರ್ಶನ, ವರದಿ, ಲೋಪ ಸರಿಪಡಿಸಿದ್ದಾರೆಯೇ ಎಂದು ಮತ್ತೆ ನೋಡುವುದು, ಇವೆಲ್ಲ ಲೆಕ್ಕಕ್ಕೆ ಬರುವುದರಿಂದ ಮೂರು ವರ್ಷಕ್ಕಾದರೂ ಮುಗಿಯುತ್ತದೆ. ಆಕೆ ತಾನೇ ನೋಡಿಕೊಳ್ಳುವ ವಿಭಾಗವನ್ನು ತಾನೇ ಆಡಿಟ್ ಮಾಡುವಂತಿಲ್ಲ. ಸರ್ವರ್ ನೋಡಿಕೊಳ್ಳುವವಳು ಸರ್ವರ್ ಬಿಟ್ಟು ಮಾನವ ಸಂಪನ್ಮೂಲ ವಿಭಾಗಕ್ಕೋ ಖರೀದಿ ವಿಭಾಗಕ್ಕೋ ಹೋಗಬೇಕು.

ಅಷ್ಟಾದ ಮೇಲೂ, ಬೇರೆ ಕಂಪನಿಗಳಿಗೆ ಹೋಗಿ ಐಎಸ್‌ಒ ಪ್ರಮಾಣಪತ್ರಕ್ಕೆ ಶಿಫಾರಸು ಮಾಡುವ ಕೆಲಸಕ್ಕೆ ಇನ್ನೊಂದು ಬಾಗಿಲು ದಾಟಬೇಕು. ಪ್ರಮಾಣಪತ್ರ ಕೊಡುವ ಸಂಸ್ಥೆಗಳನ್ನು ಕಟ್ಟಿಹಾಕುವ ಮಾನದಂಡ ಐಎಸ್‌ಒ 27006. ಅದರ 2015ರ ಆವೃತ್ತಿ ಆಡಿಟರ್‌ಗೆ 4 ವರ್ಷದ ಐಟಿ ಅನುಭವ, ಅದರಲ್ಲಿ 2 ವರ್ಷ ಭದ್ರತೆಯ ಹೊಣೆ ಕೇಳಿತು. ಅನುಭವಿಯೊಬ್ಬರ ಕಣ್ಗಾವಲಿನಲ್ಲಿ ತರಬೇತಿ ಆಡಿಟರ್ ಆಗಿ ಕನಿಷ್ಠ ಒಂದು ಪೂರ್ಣ ಪ್ರಮಾಣೀಕರಣ ಇಲ್ಲವೇ ಮರುಪ್ರಮಾಣೀಕರಣದ ಆಡಿಟ್‌ನಲ್ಲೂ, ಒಂದು ಸರ್ವೇಲೆನ್ಸ್ ಆಡಿಟ್‌ನಲ್ಲೂ ಭಾಗವಹಿಸಬೇಕು ಎಂದಿತು. ಕಳೆದ 5 ವರ್ಷದೊಳಗೆ ಕನಿಷ್ಠ 10 ದಿನ, ಅದೂ ಗ್ರಾಹಕರ ಜಾಗದಲ್ಲೇ. ತಂಡದ ನಾಯಕತ್ವಕ್ಕೆ ಕನಿಷ್ಠ ಮೂರು ಆಡಿಟ್‌ಗಳ ಎಲ್ಲ ಹಂತಗಳಲ್ಲೂ ಪಾಲ್ಗೊಂಡಿರಬೇಕಿತ್ತು. ಅಲ್ಲಿ ಮನೆಯಲ್ಲಿ ಕುಳಿತು ವರದಿ ಬರೆದ ದಿನ ಆ ಹತ್ತರಲ್ಲಿ ಸೇರುತ್ತಿರಲಿಲ್ಲ. 9001ರ ಆಡಿಟ್‌ನಲ್ಲಿ ಕಳೆದ ದಿನವೂ ಸೇರುತ್ತಿರಲಿಲ್ಲ.

ಹತ್ತು ದಿನವೇ ತಾನೆ ಎನ್ನಿಸಬಹುದು. ಅದು ಯಾಕೆ ನಿಧಾನ ಎಂಬುದು ಗುಣಮಟ್ಟದ ಕಡೆಯ ಲೆಕ್ಕ ನೋಡಿದರೆ ತಿಳಿಯುತ್ತದೆ. 60 ಜನ ದುಡಿಯುವ ಒಂದು ಬಿಡಿಭಾಗ ತಯಾರಿಕಾ ಘಟಕ ಮೊದಲ ಬಾರಿಗೆ 9001 ಪಡೆಯುತ್ತಿದೆ ಎನ್ನಿ. ಅಂತಾರಾಷ್ಟ್ರೀಯ ಮಾನ್ಯತಾ ವೇದಿಕೆಯ ಎಂಡಿ 5 ದಾಖಲೆಯ ಕೋಷ್ಟಕದ ಪ್ರಕಾರ 46ರಿಂದ 65 ಜನರಿದ್ದರೆ ಮೊದಲ ಹಾಗೂ ಎರಡನೆಯ ಹಂತ ಸೇರಿ 5 ಆಡಿಟರ್-ದಿನ ಮೂಲ ಲೆಕ್ಕ. ಇಬ್ಬರು ಸಮವಾಗಿ ಹಂಚಿಕೊಂಡರೆ ತಲಾ ಎರಡೂವರೆ ದಿನ. ಅದರಲ್ಲೂ ಯೋಜನೆ, ವರದಿಗೆ ಹೋದದ್ದನ್ನು ಕಳೆಯಬೇಕು. ಮರುವರ್ಷದ ಸರ್ವೇಲೆನ್ಸ್‌ಗೆ ಇದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹಿಂದೆ, ಐಎಸ್‌ಒ 19011ರ 2002ರ ಆವೃತ್ತಿ ಆಡಿಟರ್‌ಗೆ ನಾಲ್ಕು ಪೂರ್ಣ ಆಡಿಟ್, ಒಟ್ಟು 20 ದಿನ ಎಂದೂ, ತಂಡದ ನಾಯಕನಿಗೆ ಅದರ ಮೇಲೆ ಮೂರು ಆಡಿಟ್, 15 ದಿನ ಎಂದೂ ಸೂಚಿಸಿತ್ತು. ಇಂಥ ಸಣ್ಣ ಘಟಕಗಳನ್ನೇ ನಂಬಿಕೊಂಡರೆ ಆ 20 ದಿನಕ್ಕೆ ಎಂಟು ಆಡಿಟ್ ಬೇಕಾಗುತ್ತಿತ್ತು. 2011ರ ಆವೃತ್ತಿಯಲ್ಲಿ ಆ ಕೋಷ್ಟಕವನ್ನು ಕೈಬಿಟ್ಟು, ಸಾಮರ್ಥ್ಯ ನೋಡಿ ಎಂದರು. ದಿನ ಎಣಿಸುವುದರಿಂದ ಆಡಿಟರ್ ಹುಟ್ಟುವುದಿಲ್ಲ ಎಂಬ ವಾದ ನನಗೂ ಒಪ್ಪಿಗೆ. ಆದರೂ ಎಣಿಕೆ ಇಲ್ಲದ ಕಡೆ ಸುಳ್ಳು ಹೇಳುವುದು ಸುಲಭ, ಹಾಗಾಗಿ ಲಾಗ್ ಇರಲೇಬೇಕು ಎನ್ನುವವನು ನಾನು.

ಕೋರ್ಸಿನ ಕೋಣೆಯಲ್ಲಿ ಸಿಗದ್ದು ಈ ದಿನಗಳಲ್ಲಿ ಏನು ಸಿಗುತ್ತದೆ? ಕೋರ್ಸಿನಲ್ಲಿ ಸಾಕ್ಷ್ಯವನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಟ್ಟಿರುತ್ತಾರೆ, ಕಂಪನಿಯಲ್ಲಿ ಅದನ್ನು ನಾವೇ ಕೇಳಿ ತೆಗೆಸಬೇಕು. ‘ಕೆಲಸ ಬಿಟ್ಟವರ ಲಾಗಿನ್ ತೆಗೆಯುತ್ತೀರಾ?’ ಎಂದರೆ ಐಟಿ ಮ್ಯಾನೇಜರ್ ‘ತೆಗೀತೀವಿ ಸಾರ್, ಅದೇ ದಿನ’ ಎನ್ನುತ್ತಾರೆ. ಅನುಭವಸ್ಥ ಆಡಿಟರ್ ಆ ಮಾತಿಗೆ ನಿಲ್ಲುವುದಿಲ್ಲ. ಎಚ್‌ಆರ್ ವಿಭಾಗಕ್ಕೆ ಹೋಗಿ ಕಳೆದ ಆರು ತಿಂಗಳಲ್ಲಿ ಬಿಟ್ಟುಹೋದವರ ಪಟ್ಟಿ ಕೇಳುತ್ತಾರೆ, ತಾವೇ ಎಂಟು ಹೆಸರು ಆರಿಸುತ್ತಾರೆ, ಈಗ ಚಾಲ್ತಿಯಲ್ಲಿರುವ ಖಾತೆಗಳ ಪಟ್ಟಿಯನ್ನು ತಮ್ಮ ಎದುರಿಗೇ ತೆಗೆಸುತ್ತಾರೆ. ಎರಡು ಹೆಸರು ಎರಡೂ ಕಡೆ ಇವೆ, ಒಬ್ಬರು ಬಿಟ್ಟು 23 ದಿನ ಕಳೆದಿದೆ ಎಂದುಕೊಳ್ಳೋಣ. ಆಗ ಬರೆಯಬೇಕಾದದ್ದು ‘ಲಾಗಿನ್ ನಿರ್ವಹಣೆ ಸರಿಯಿಲ್ಲ’ ಎಂದಲ್ಲ. ಯಾವ ಬೇಡಿಕೆ (2022ರ ಆವೃತ್ತಿಯ ಅನುಬಂಧದಲ್ಲಿ 5.18, ಪ್ರವೇಶ ಹಕ್ಕುಗಳು), ಕಂಪನಿಯದೇ ನೀತಿ ಏನು ಹೇಳುತ್ತದೆ, ಎಂಟರಲ್ಲಿ ಯಾವ ಎರಡು ಖಾತೆ, ಯಾವ ದಿನಾಂಕ ಎಂದು ಬರೆಯಬೇಕು. ಇದನ್ನು ಮುಕ್ತಾಯ ಸಭೆಯಲ್ಲಿ ಓದಿದಾಗ ಮ್ಯಾನೇಜರ್ ವಾದಕ್ಕೆ ಇಳಿದರೂ ಬರಹ ಅಲುಗಾಡಬಾರದು. ಹಾಗೆ ಬರೆಯುವ ಕೈ ಬರುವುದು ಹಿರಿಯರು ಪಕ್ಕದಲ್ಲಿ ಕುಳಿತು ತಿದ್ದಿದ ಮೇಲೆಯೇ.

ಲಾಗ್ ತಿರಸ್ಕೃತವಾಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ತಂಡದ 5 ದಿನವನ್ನು ಒಬ್ಬರೇ ಬರೆದುಕೊಳ್ಳುವುದು, ಪ್ರಯಾಣದ ಸಮಯವನ್ನು ಸೇರಿಸುವುದು, ಸಲಹೆಗಾರನಾಗಿ ದಾಖಲೆ ತಯಾರಿಸಿಕೊಟ್ಟ ದಿನಗಳನ್ನು ಆಡಿಟ್ ಎಂದು ತೋರಿಸುವುದು, ತರಬೇತಿ ಆಡಿಟರ್ ಆಗಿದ್ದ ಕಡೆ ನಾಯಕ ಎಂದು ಬರೆಯುವುದು. ಪ್ರತಿ ಸಾಲಿನಲ್ಲೂ ದಿನಾಂಕ, ಸಂಸ್ಥೆ, ಮಾನದಂಡ ಮತ್ತು ಅದರ ಆವೃತ್ತಿ, ಆಡಿಟ್‌ನ ಬಗೆ, ತಮ್ಮ ಪಾತ್ರ, ತಮ್ಮ ಪಾಲಿನ ಸಮಯ, ದೃಢಪಡಿಸಬಲ್ಲವರ ಹೆಸರು ಇರಬೇಕು. ಕೊನೆಯದೇ ಕಷ್ಟದ್ದು. ಮೂರು ವರ್ಷದ ನಂತರ ಅರ್ಜಿ ಹಾಕುವ ಹೊತ್ತಿಗೆ ತಂಡದ ನಾಯಕರು ಬೇರೆ ಕಂಪನಿಗೆ ಹೋಗಿರುತ್ತಾರೆ, ಹಳೆಯ ಇಮೇಲ್ ವಾಪಸು ಬರುತ್ತದೆ, ನಿಜವಾಗಿ ಮಾಡಿದ ಆಡಿಟ್ ಕೂಡ ಲೆಕ್ಕದಿಂದ ಬಿದ್ದುಹೋಗುತ್ತದೆ. ಆಡಿಟ್ ಮುಗಿದ ವಾರವೇ ಲಾಗ್‌ನ ಆ ಸಾಲಿಗೆ ನಾಯಕರ ಸಹಿ ಹಾಕಿಸಿ, ಆಡಿಟ್ ಯೋಜನೆಯ ಪ್ರತಿಯೊಂದನ್ನು ಕಂಪನಿಯ ಅನುಮತಿ ಪಡೆದು ಜೊತೆಗಿಟ್ಟುಕೊಳ್ಳಬೇಕು. ಯೋಜನೆಯಲ್ಲಿ ಯಾರು ಯಾವ ಗಂಟೆಗೆ ಎಲ್ಲಿದ್ದರು ಎಂಬುದು ಇರುವುದರಿಂದ, ಪರಿಶೀಲಿಸುವವರು ಅನುಮಾನಪಟ್ಟಾಗ ಮೊದಲು ಕೇಳುವುದೂ ಅದನ್ನೇ.